ಬ್ಯಾಂಕ್ ಕರೆಯಿಂದ ದೂರು ದಾಖಲೆಗೆ: ಒಂದು ಪದ ತಪ್ಪಿದರೆ ನಷ್ಟ ಯಾರಿಗೆ?

ಖಾತೆಯಿಂದ ತಾವು ಮಾಡದ ವೆಚ್ಚವೊಂದು ಕಡಿತವಾಗಿದೆ ಎಂದು ಗ್ರಾಹಕರು ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡುತ್ತಾರೆ. ಹತ್ತು ಹನ್ನೆರಡು ನಿಮಿಷದ ಆ ಮಾತುಕತೆ ಧ್ವನಿಮುದ್ರಣಗೊಳ್ಳುತ್ತದೆ. ಆದರೆ ಹಣ ಮರಳಬೇಕೇ ಬೇಡವೇ ಎಂದು ತೀರ್ಮಾನಿಸುವ ಅಧಿಕಾರಿ ಸಾಮಾನ್ಯವಾಗಿ ಆ ಧ್ವನಿಯನ್ನು ಕೇಳುವುದಿಲ್ಲ. ಕರೆ ಸ್ವೀಕರಿಸಿದ ಸಿಬ್ಬಂದಿ ಬರೆದಿಟ್ಟ ನಾಲ್ಕಾರು ಸಾಲಿನ ಸಾರವನ್ನಷ್ಟೇ ಓದುತ್ತಾರೆ. ಈ ಸಾರವೇ ದೂರು ದಾಖಲೆ. ಮುಂದಿನ ಹಂತಗಳೆಲ್ಲವೂ ಇದನ್ನೇ ಆಧರಿಸಿ ಸಾಗುತ್ತವೆ.

ಹೀಗಾಗಿ ಧ್ವನಿಮುದ್ರಿತ ಕರೆಯೊಂದನ್ನು ದೂರು ದಾಖಲೆಯಾಗಿ ಸಂಗ್ರಹಿಸುವ ಕೆಲಸಕ್ಕೆ ತನ್ನದೇ ಆದ ಶಿಸ್ತು ಇದೆ. ಯಾವ ವೇಳೆಗೆ ತಿಳಿಸಲಾಯಿತು, ಗ್ರಾಹಕರು ನಿಖರವಾಗಿ ಏನು ಹೇಳಿದರು, ಯಾವ ವಹಿವಾಟಿನ ಬಗ್ಗೆ ಹೇಳಿದರು ಎಂಬ ಮೂರು ಅಂಶಗಳು ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅದೇ ಕರೆ, ಅದೇ ಗ್ರಾಹಕ, ಅದೇ ಮೊತ್ತಕ್ಕೆ ಬೇರೆಯೇ ಫಲಿತಾಂಶ ಬರಬಹುದು.

ನಿಯಮದ ಹಿನ್ನೆಲೆ

ಅನಧಿಕೃತ ಎಲೆಕ್ಟ್ರಾನಿಕ್ ವಹಿವಾಟುಗಳಲ್ಲಿ ಗ್ರಾಹಕರ ಹೊಣೆಯನ್ನು ಮಿತಿಗೊಳಿಸುವ ಸುತ್ತೋಲೆಯನ್ನು ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿತು. ಅದರ ತಿರುಳು ಸರಳ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ವ್ಯವಸ್ಥೆಯ ಬೇರೆಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರಿಗೆ ಯಾವ ನಷ್ಟವೂ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನಗಳೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ ಅಥವಾ ವಹಿವಾಟಿನ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ಗ್ರಾಹಕರು ಭರಿಸಬೇಕು. ಅದಕ್ಕೂ ತಡವಾದರೆ ಬ್ಯಾಂಕಿನ ಆಡಳಿತ ಮಂಡಳಿ ಅಂಗೀಕರಿಸಿದ ನೀತಿ ಅನ್ವಯವಾಗುತ್ತದೆ.

ಗ್ರಾಹಕರೇ ರಹಸ್ಯ ಸಂಖ್ಯೆಯನ್ನು ಬೇರೆಯವರಿಗೆ ಹೇಳಿದ್ದರೆ ಲೆಕ್ಕ ಬದಲಾಗುತ್ತದೆ. ಅದು ನಿರ್ಲಕ್ಷ್ಯ ಎನಿಸಿಕೊಳ್ಳುತ್ತದೆ. ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟವೆಲ್ಲ ಗ್ರಾಹಕರ ಪಾಲಿಗೆ ಬರುತ್ತದೆ. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಗ್ರಾಹಕರ ತಪ್ಪನ್ನು ಸಾಬೀತುಪಡಿಸುವ ಹೊಣೆ ಬ್ಯಾಂಕಿನ ಮೇಲಿದೆ ಎಂದೂ ಸುತ್ತೋಲೆ ಹೇಳುತ್ತದೆ. ಆದರೆ ಗ್ರಾಹಕರೇ ಒಪ್ಪಿಕೊಂಡಿದ್ದಾರೆ ಎಂದು ದೂರು ದಾಖಲೆಯಲ್ಲಿಯೇ ಬರೆದಿದ್ದರೆ, ಬ್ಯಾಂಕಿಗೆ ಬೇರೆ ಸಾಕ್ಷ್ಯ ಹುಡುಕುವ ಅಗತ್ಯವೇ ಕಾಣುವುದಿಲ್ಲ.

ಇಂತಹ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತವೆ. ಆದ್ದರಿಂದ ಯಾವುದೇ ದೂರಿನಲ್ಲಿ ವಹಿವಾಟು ನಡೆದ ದಿನ ಜಾರಿಯಲ್ಲಿದ್ದ ನಿಯಮವನ್ನೇ ನೋಡಬೇಕು. ಕೆಳಗಿನ ಪ್ರಸಂಗ ವಿವರಣೆಗಾಗಿ ರಚಿಸಿದ್ದು. ಅದರ ದಿನಾಂಕಗಳು 2025ರ ಜೂನ್ ತಿಂಗಳಿಗೆ ಸೇರಿದವು. ಆಗ ಮೇಲಿನ ಮಿತಿಗಳೇ ಅನ್ವಯವಾಗುತ್ತಿದ್ದವು.

ಒಂದು ಕರೆ

ದಾವಣಗೆರೆಯ ನಿವೃತ್ತ ಶಿಕ್ಷಕರೊಬ್ಬರಿಗೆ ಒಂದು ಬ್ಯಾಂಕಿನಲ್ಲಿ ಉಳಿತಾಯ ಖಾತೆ ಮತ್ತು ಡೆಬಿಟ್ ಕಾರ್ಡ್ ಇದೆ. 2025ರ ಜೂನ್ 12, ಗುರುವಾರ ರಾತ್ರಿ 11 ಗಂಟೆ 47 ನಿಮಿಷಕ್ಕೆ ಅವರ ಮೊಬೈಲಿಗೆ ಎಸ್‌ಎಂಎಸ್ ಬರುತ್ತದೆ. ವಿದೇಶಿ ಜಾಲತಾಣವೊಂದರಲ್ಲಿ ಕಾರ್ಡ್ ಬಳಕೆಯಾಗಿ 18,750 ರೂಪಾಯಿ ಕಡಿತವಾಗಿದೆ ಎಂಬುದು ಅದರ ಸಾರಾಂಶ. ಅವರು ಸಹಾಯವಾಣಿಯ ಸಿಬ್ಬಂದಿಯೊಂದಿಗೆ ಮಾತನಾಡುವುದು ಜೂನ್ 17, ಮಂಗಳವಾರ ಸಂಜೆ 6 ಗಂಟೆ 42 ನಿಮಿಷಕ್ಕೆ. ಕರೆಯ ಅವಧಿ 11 ನಿಮಿಷ 20 ಸೆಕೆಂಡ್. ಅದರ ಮುಖ್ಯ ಭಾಗಗಳು ಹೀಗಿವೆ. ಎಡಗಡೆಯ ಅಂಕಿಗಳು ಧ್ವನಿಮುದ್ರಿಕೆಯ ಆರಂಭದಿಂದ ಕಳೆದ ನಿಮಿಷ ಮತ್ತು ಸೆಕೆಂಡುಗಳು.

01:15 ಗ್ರಾಹಕ: "ಗುರುವಾರ ರಾತ್ರಿ ನನ್ನ ಅಕೌಂಟಿಂದ ಹದಿನೆಂಟು ಸಾವಿರದ ಏಳುನೂರ ಐವತ್ತು ರೂಪಾಯಿ ಹೋಗಿದೆಯಮ್ಮ. ನಾನು ಏನೂ ಕೊಂಡುಕೊಂಡಿಲ್ಲ."

02:30 ಸಿಬ್ಬಂದಿ: "ಕಾರ್ಡ್ ಈಗಲೇ ಬ್ಲಾಕ್ ಮಾಡಿದ್ದೀನಿ ಸರ್."

03:05 ಸಿಬ್ಬಂದಿ: "ಸರ್, ನಿಮಗೆ ಒಟಿಪಿ ಬಂದಿತ್ತಾ?"

03:09 ಗ್ರಾಹಕ: "ಮೆಸೇಜ್ ಬಂದಿತ್ತು. ರಾತ್ರಿ ಮಲಗಿಬಿಟ್ಟಿದ್ದೆ, ಬೆಳಗ್ಗೆ ನೋಡಿದೆ. ದುಡ್ಡು ಕಟ್ ಆಗಿದೆ ಅಂತಿತ್ತು."

03:21 ಸಿಬ್ಬಂದಿ: "ಅದನ್ನ ಯಾರಿಗಾದ್ರೂ ಹೇಳಿದ್ರಾ ಸರ್?"

03:24 ಗ್ರಾಹಕ: "ಮಗನಿಗೆ ತೋರಿಸಿದೆ. ಅವನೂ ನಾನಲ್ಲ ಅಂದ. ನನ್ನ ಫೋನು ಒಮ್ಮೊಮ್ಮೆ ಅವನ ಕೈಲಿರುತ್ತೆ, ಆದ್ರೆ ಅವತ್ತು ಇರಲಿಲ್ಲ."

04:20 ಗ್ರಾಹಕ: "ಶುಕ್ರವಾರ ಮದುವೆಗೆ ಹೋಗಿದ್ದೆ. ಶನಿವಾರ ಬ್ರಾಂಚಿಗೆ ಬಂದೆ, ಬಾಗಿಲು ಹಾಕಿತ್ತು. ನಿನ್ನೆ ಫೋನ್ ಮಾಡಿದೆ, ಒಂದು ಒತ್ತಿ ಎರಡು ಒತ್ತಿ ಅಂತ ಹೇಳಿ ಕಟ್ ಆಯ್ತು."

05:40 ಗ್ರಾಹಕ: "ಎರಡು ವರ್ಷದ ಹಿಂದೆ ಮಗನ ಪರೀಕ್ಷೆ ಫೀಸು ಕಟ್ಟೋಕೆ ಫಾರಿನ್ ವ್ಯವಹಾರ ಆನ್ ಮಾಡಿಸಿದ್ದೆ. ಆಮೇಲೆ ಆಫ್ ಮಾಡಿಸಿಲ್ಲ."

10:30 ಸಿಬ್ಬಂದಿ: "ರೆಫರೆನ್ಸ್ ನಂಬರ್ ಬರ್ಕೊಳ್ಳಿ ಸರ್."

ಅದೇ ಕರೆಯ ತಪ್ಪು ಸಾರ

ಕರೆ ಮುಗಿದ ಕೂಡಲೇ ಮುಂದಿನ ಕರೆ ಕಾದಿರುತ್ತದೆ. ಸಿಬ್ಬಂದಿ ಅವಸರದಲ್ಲಿ ಹೀಗೆ ಬರೆಯುತ್ತಾರೆ: "18,750 ರೂ. ಆನ್‌ಲೈನ್ ವಹಿವಾಟಿನ ಬಗ್ಗೆ ಗ್ರಾಹಕರ ತಕರಾರು. ಒಟಿಪಿ ಬಂದಿದೆ, ಮಗನೊಂದಿಗೆ ಹಂಚಿಕೊಂಡಿದ್ದಾರೆ. ಕಾರ್ಡ್ ಬ್ಲಾಕ್ ಮಾಡಲಾಗಿದೆ." ಈ ಸಾರವನ್ನು ದೂರು ವಿಭಾಗದವರು ಮರುದಿನ, ಅಂದರೆ ಜೂನ್ 18ರ ಬೆಳಗ್ಗೆ 10 ಗಂಟೆ 15 ನಿಮಿಷಕ್ಕೆ ವ್ಯವಸ್ಥೆಗೆ ಸೇರಿಸುತ್ತಾರೆ. ದೂರಿನ ದಿನಾಂಕ ತಾನಾಗಿಯೇ ಜೂನ್ 18 ಎಂದು ಮೂಡುತ್ತದೆ.

ಮೇಲ್ನೋಟಕ್ಕೆ ಇದರಲ್ಲಿ ಸುಳ್ಳು ಕಾಣುವುದಿಲ್ಲ. ಒಟಿಪಿ ಬಂತೇ ಎಂದು ಕೇಳಿದ್ದು ನಿಜ, ಬಂದಿತ್ತು ಎಂದು ಉತ್ತರಿಸಿದ್ದೂ ನಿಜ. ಆದರೆ ಶಿಕ್ಷಕರು ಹೇಳಿದ್ದು ಮೆಸೇಜ್ ಎಂಬ ಪದವನ್ನು. ಹಣ ಕಡಿತವಾದ ನಂತರ ಬಂದ ಎಚ್ಚರಿಕೆಯ ಸಂದೇಶ ಅವರ ಮನಸ್ಸಿನಲ್ಲಿತ್ತು. ಒಟಿಪಿಯಾದರೋ ಹಣ ಕಡಿತಕ್ಕೆ ಮುನ್ನ ಬರುವ ರಹಸ್ಯ ಸಂಖ್ಯೆ. ಸಾಮಾನ್ಯ ಮಾತಿನಲ್ಲಿ ಎರಡೂ ಮೆಸೇಜ್‌ಗಳೇ. "ದುಡ್ಡು ಕಟ್ ಆಗಿದೆ ಅಂತಿತ್ತು" ಎಂಬ ಮುಂದಿನ ವಾಕ್ಯ ಅವರು ಯಾವುದರ ಬಗ್ಗೆ ಮಾತನಾಡುತ್ತಿದ್ದಾರೆ ಎಂಬುದನ್ನು ಸ್ಪಷ್ಟಪಡಿಸುತ್ತದೆ. ಸಾರದಲ್ಲಿ ಆ ವಾಕ್ಯವೇ ಬಿಟ್ಟುಹೋಗಿದೆ. ಮಗನಿಗೆ "ತೋರಿಸಿದೆ" ಎಂದದ್ದು "ಹಂಚಿಕೊಂಡಿದ್ದಾರೆ" ಎಂದಾಗಿದೆ. ಮರುದಿನ ಬೆಳಗ್ಗೆ ನಡೆದ ಸಂಗತಿ ವಹಿವಾಟಿನ ವೇಳೆ ನಡೆದಂತೆ ಧ್ವನಿಸುತ್ತಿದೆ.

ಇಂತಹ ತಪ್ಪನ್ನು ಪತ್ತೆಹಚ್ಚಲು ಒಂದು ದಾರಿಯಿದೆ. ಭಾರತದೊಳಗಿನ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ಹಂತದ ದೃಢೀಕರಣ 2009ರಿಂದಲೇ ಕಡ್ಡಾಯವಾಗಿತ್ತು. ಆದರೆ ಪ್ರಸಂಗದ ಕಾಲಕ್ಕೆ ವಿದೇಶಿ ಜಾಲತಾಣಗಳಲ್ಲಿ ಕಾರ್ಡ್ ಸಂಖ್ಯೆ, ಅವಧಿ ಮತ್ತು ಹಿಂಬದಿಯ ಮೂರಂಕಿ ಗೊತ್ತಿದ್ದರೆ ಒಟಿಪಿ ಇಲ್ಲದೆಯೂ ಪಾವತಿ ಸಾಧ್ಯವಿತ್ತು. ಹೀಗಾಗಿ ವಿದೇಶಿ ವಹಿವಾಟಿನ ದೂರಿನಲ್ಲಿ "ಒಟಿಪಿ ಬಂದಿದೆ" ಎಂಬ ಸಾಲು ಕಂಡರೆ ಅಧಿಕಾರಿ ಅನುಮಾನಿಸಿ, ಒಟಿಪಿ ಕಳುಹಿಸಿದ ದಾಖಲೆ ನಿಜವಾಗಿಯೂ ಇದೆಯೇ ಎಂದು ಬ್ಯಾಂಕಿನ ವ್ಯವಸ್ಥೆಯಲ್ಲಿ ನೋಡಬೇಕು. ಕರೆಯ ಸಾರ ಆ ಪರಿಶೀಲನೆಗೆ ದಾರಿ ಮಾಡಿಕೊಡಬೇಕೇ ಹೊರತು ಅದಕ್ಕೆ ಮೊದಲೇ ತೀರ್ಪು ನೀಡಬಾರದು.

ದಿನಗಳ ಲೆಕ್ಕ

ಎರಡನೆಯ ತಪ್ಪು ದಿನಾಂಕದ್ದು. ಕೆಲಸದ ದಿನಗಳನ್ನು ಎಣಿಸುವಾಗ ಸಂದೇಶ ಬಂದ ದಿನವನ್ನು ಬಿಡಬೇಕು. ಗ್ರಾಹಕರ ಮೂಲ ಶಾಖೆಯ ಕೆಲಸದ ದಿನಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್ 12 ಸಂದೇಶ ಬಂದ ದಿನ, ಅದು ಲೆಕ್ಕಕ್ಕಿಲ್ಲ. ಶುಕ್ರವಾರ 13 ಮೊದಲನೆಯ ದಿನ. ಜೂನ್ 14 ತಿಂಗಳ ಎರಡನೇ ಶನಿವಾರ. 2015ರ ಸೆಪ್ಟೆಂಬರ್‌ನಿಂದ ಎರಡು ಮತ್ತು ನಾಲ್ಕನೇ ಶನಿವಾರ ಬ್ಯಾಂಕುಗಳಿಗೆ ರಜೆ. ಶಿಕ್ಷಕರಿಗೆ ಶಾಖೆಯ ಬಾಗಿಲು ಮುಚ್ಚಿದ್ದು ಕಂಡದ್ದೂ ಇದೇ ಕಾರಣಕ್ಕೆ. ಭಾನುವಾರ 15 ಕೂಡ ರಜೆ. ಸೋಮವಾರ 16 ಎರಡನೆಯ ದಿನ, ಮಂಗಳವಾರ 17 ಮೂರನೆಯ ದಿನ.

ಅಂದರೆ ಕರೆ ಬಂದದ್ದು ಮೂರನೆಯ ದಿನ ಸಂಜೆ, ಗಡುವಿನೊಳಗೆ. ದೂರು ವಿಭಾಗದವರು ನಮೂದಿಸಿದ್ದು ನಾಲ್ಕನೆಯ ದಿನ ಬೆಳಗ್ಗೆ, ಗಡುವಿನ ಆಚೆಗೆ. ನಡುವಿನ ಹದಿನೈದೂವರೆ ಗಂಟೆ ಬ್ಯಾಂಕಿನ ಒಳಗೆ ಕಳೆದದ್ದು. ಅದರ ಬೆಲೆಯನ್ನು ಗ್ರಾಹಕರು ತೆರಬೇಕಿಲ್ಲ. ತಿಳಿಸಿದ ವೇಳೆ ಎಂದರೆ ಗ್ರಾಹಕರು ಬ್ಯಾಂಕಿಗೆ ಹೇಳಿದ ವೇಳೆ, ಬ್ಯಾಂಕು ಬರೆದುಕೊಂಡ ವೇಳೆಯಲ್ಲ. ದೂರು ದಾಖಲೆಯಲ್ಲಿ ಎರಡಕ್ಕೂ ಪ್ರತ್ಯೇಕ ಅಂಕಣ ಇರಬೇಕಾದದ್ದು ಇದಕ್ಕಾಗಿಯೇ.

ಫಲಿತಾಂಶವನ್ನು ಹೋಲಿಸಿ ನೋಡಬಹುದು. ಸರಿಯಾದ ದಾಖಲೆಯ ಪ್ರಕಾರ ಶಿಕ್ಷಕರ ಹೊಣೆ ಶೂನ್ಯ. ದಿನಾಂಕವೊಂದೇ ತಪ್ಪಿದ್ದರೆ 10,000 ರೂಪಾಯಿ. ಒಟಿಪಿ ಹಂಚಿಕೊಂಡರು ಎಂಬ ಸಾಲು ಹಾಗೆಯೇ ಉಳಿದರೆ ಪೂರ್ತಿ 18,750 ರೂಪಾಯಿ ಅವರ ತಲೆಯ ಮೇಲೆ ಬೀಳುವ ಸಂಭವವಿದೆ. ಧ್ವನಿಮುದ್ರಿಕೆ ಮಾತ್ರ ಮೂರೂ ಸಂದರ್ಭಗಳಲ್ಲಿ ಒಂದೇ.

ಸೋಮವಾರದ ಕರೆಯ ಮಾತೂ ಮುಖ್ಯವಾದುದೇ. ಸ್ವಯಂಚಾಲಿತ ಉತ್ತರದ ಹಂತದಲ್ಲಿಯೇ ಕಡಿದುಹೋದ ಕರೆಗೆ ಸಿಬ್ಬಂದಿಯೊಂದಿಗಿನ ಮಾತಿನ ಮುದ್ರಿಕೆ ಇರುವುದಿಲ್ಲ. ಆದರೆ ಯಾವ ಸಂಖ್ಯೆಯಿಂದ, ಎಷ್ಟು ಹೊತ್ತಿಗೆ ಕರೆ ಬಂತೆಂಬ ಪಟ್ಟಿ ಬ್ಯಾಂಕಿನಲ್ಲಿರುತ್ತದೆ, ಗ್ರಾಹಕರ ಮೊಬೈಲಿನಲ್ಲಿಯೂ ಇರುತ್ತದೆ. ಮಂಗಳವಾರದ ಗಡುವಿನ ಬಗ್ಗೆ ತಕರಾರು ಬಂದರೆ ಈ ವಿವರ ನೆರವಿಗೆ ಬರುತ್ತದೆ. ಆದ್ದರಿಂದ ಅದನ್ನು ಗ್ರಾಹಕರ ಹೇಳಿಕೆಯಾಗಿ ಬರೆದು, ಪರಿಶೀಲನೆ ಬಾಕಿ ಎಂದು ಗುರುತಿಸಬೇಕು.

ಯಾವ ಸಂಖ್ಯೆ ಯಾತಕ್ಕೆ?

ದೂರು ದಾಖಲೆಯಲ್ಲಿ ಹಲವು ಸಂಖ್ಯೆಗಳು ಬರುತ್ತವೆ. ಅವುಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುವುದು ಸಾಮಾನ್ಯ ತಪ್ಪು. ಕರೆಯ ಕೊನೆಯಲ್ಲಿ ಸಿಬ್ಬಂದಿ ಹೇಳುವ ರೆಫರೆನ್ಸ್ ನಂಬರ್ ಅನೇಕ ವೇಳೆ ಆ ಕರೆಯ ಕ್ರಮಸಂಖ್ಯೆ ಮಾತ್ರ. ಖಾತೆಯ ಶಿಲ್ಕು ಕೇಳಲು ಕರೆ ಮಾಡಿದವರಿಗೂ ಅಂಥದ್ದೊಂದು ಸಂಖ್ಯೆ ಸಿಗುತ್ತದೆ. ದೂರು ಸಂಖ್ಯೆ ಬೇರೆ. ದೂರು ಬಂದ ಕೂಡಲೇ ನೋಂದಾಯಿತ ದೂರು ಸಂಖ್ಯೆಯೊಂದಿಗೆ ಸ್ವೀಕೃತಿ ಕಳುಹಿಸಬೇಕು ಎಂಬುದು 2017ರ ಸುತ್ತೋಲೆಯ ಸೂಚನೆ. "ಇದು ಕರೆಯ ನಂಬರೋ, ದೂರಿನ ನಂಬರೋ" ಎಂದು ಗ್ರಾಹಕರು ಕೇಳಿಕೊಳ್ಳುವುದು ಲೇಸು. ಧ್ವನಿಮುದ್ರಿಕೆಯನ್ನು ಮತ್ತೆ ಹುಡುಕಲು ಕರೆಯ ಸಂಖ್ಯೆ ಬೇಕು, ದೂರನ್ನು ಹಿಂಬಾಲಿಸಲು ದೂರು ಸಂಖ್ಯೆ ಬೇಕು. ದಾಖಲೆಯಲ್ಲಿ ಎರಡೂ ಇರಲಿ.

ವಹಿವಾಟನ್ನು ಗುರುತಿಸುವ ಸಂಖ್ಯೆ ಇವೆರಡಕ್ಕಿಂತ ಭಿನ್ನ. ಕಾರ್ಡ್ ಮತ್ತು ಯುಪಿಐ ಪಾವತಿಗಳಿಗೆ 12 ಅಂಕಿಗಳ ಆರ್‌ಆರ್‌ಎನ್ ಇರುತ್ತದೆ. ಖಾತೆಯ ವಿವರಪಟ್ಟಿಯಲ್ಲಿ ವಹಿವಾಟಿನ ಸಾಲಿನಲ್ಲಿಯೇ ಅದನ್ನು ಕಾಣಬಹುದು. ಕಾರ್ಡ್ ವಹಿವಾಟುಗಳಲ್ಲಿ ಅದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿಯನ್ನೂ, ನಂತರದ ಮೂರು ಅಂಕಿಗಳು ವರ್ಷದ ಎಷ್ಟನೇ ದಿನ ಎಂಬುದನ್ನೂ ಸೂಚಿಸುವುದು ಸಾಮಾನ್ಯ ರೂಢಿ. 2025ರ ಜೂನ್ 12 ವರ್ಷದ 163ನೇ ದಿನ. ಆದ್ದರಿಂದ ಸಂಖ್ಯೆ 5163 ಎಂದು ಆರಂಭವಾದರೆ ದಿನಾಂಕಕ್ಕೆ ಹೊಂದುತ್ತದೆ. ಅಂಕಿ ಬರೆದುಕೊಳ್ಳುವಾಗ ತಪ್ಪಾಗಿದೆಯೇ ಎಂದು ನೋಡಲು ಇದೊಂದು ಸುಲಭ ಉಪಾಯ. ಆದರೆ ಈ ಲೆಕ್ಕ ಗ್ರೀನ್‌ವಿಚ್ ಸಮಯದಲ್ಲಿರಬಹುದು. ನಮ್ಮ ನಸುಕಿನ ಐದೂವರೆಗೆ ಮುಂಚಿನ ವಹಿವಾಟುಗಳಲ್ಲಿ ಒಂದು ದಿನ ಹಿಂದಿನ ಅಂಕಿ ಕಂಡರೆ ಗಾಬರಿಯಾಗಬೇಕಿಲ್ಲ.

ವ್ಯಾಪಾರಿಯ ಹೆಸರನ್ನು ಎಸ್‌ಎಂಎಸ್ ಅಥವಾ ವಿವರಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಬರೆಯಬೇಕು. ಅದು ಅಂಗಡಿಯ ಹೆಸರಾಗಿರದೆ ಹಣ ಸಂಗ್ರಹಿಸಿದ ಮಧ್ಯವರ್ತಿ ಸಂಸ್ಥೆಯ ಹೆಸರಾಗಿರಬಹುದು. ಊಹಿಸಿ ತಿದ್ದಿದರೆ ಮುಂದೆ ವ್ಯಾಪಾರಿಯ ಬ್ಯಾಂಕಿನಿಂದ ಹಣ ಮರಳಿ ಕೇಳುವ ಚಾರ್ಜ್‌ಬ್ಯಾಕ್ ಹಂತದಲ್ಲಿ ವಹಿವಾಟು ತಾಳೆಯಾಗುವುದಿಲ್ಲ.

ದೂರಿನ ವರ್ಗವೂ ಇಲ್ಲಿಯೇ ನಿರ್ಧಾರವಾಗುತ್ತದೆ. "ನಾನು ಕೊಂಡಿಲ್ಲ" ಎಂಬುದು ಅನಧಿಕೃತ ವಹಿವಾಟು. "ಕೊಂಡೆ, ಸರಕು ಬರಲಿಲ್ಲ" ಅಥವಾ "ಒಂದೇ ಸಲ ಕೊಂಡೆ, ಎರಡು ಸಲ ಹಣ ಹೋಯಿತು" ಎಂಬುದು ವ್ಯಾಪಾರಿಯೊಂದಿಗಿನ ವಿವಾದ. ಮೂರು ದಿನದ ನಿಯಮ ಮೊದಲನೆಯದಕ್ಕೆ ಮಾತ್ರ ಸಂಬಂಧಿಸಿದ್ದು. ಮೇಲಿನ ತಪ್ಪು ಸಾರದಲ್ಲಿರುವ "ತಕರಾರು" ಎಂಬ ಪದ ಎರಡಕ್ಕೂ ಹೊಂದುತ್ತದೆ. ಆದ್ದರಿಂದಲೇ ಅದು ಅಪಾಯಕಾರಿ.

ತಿದ್ದಿದ ದಾಖಲೆ

ಅದೇ ಧ್ವನಿಮುದ್ರಿಕೆಯನ್ನು ಮತ್ತೊಮ್ಮೆ ಕೇಳಿ ಬರೆದ ದಾಖಲೆ ಹೀಗಿರಬಹುದು. ಇದರಲ್ಲಿನ ಸಂಖ್ಯೆಗಳು ಮಾದರಿಗಾಗಿ ಮಾತ್ರ.

ದೂರು ಸಂಖ್ಯೆ: 250618-7741
ಕರೆಯ ಸಂಖ್ಯೆ: 2506170388
ಗ್ರಾಹಕರು ತಿಳಿಸಿದ ವೇಳೆ: 17-06-2025, ಸಂಜೆ 6.42 (ಸಹಾಯವಾಣಿ ಕರೆ)
ದಾಖಲೆಗೆ ಸೇರಿಸಿದ ವೇಳೆ: 18-06-2025, ಬೆಳಗ್ಗೆ 10.15
ಎಚ್ಚರಿಕೆ ಸಂದೇಶ ತಲುಪಿದ ವೇಳೆ: 12-06-2025, ರಾತ್ರಿ 11.47
ಕೆಲಸದ ದಿನ: ಮೂರನೆಯದು
ಕಾರ್ಡ್: ಡೆಬಿಟ್, ಕೊನೆಯ ನಾಲ್ಕು ಅಂಕಿ 4417
ಮೊತ್ತ: 18,750 ರೂ., ವಿದೇಶಿ ಆನ್‌ಲೈನ್ ವಹಿವಾಟು
ಆರ್‌ಆರ್‌ಎನ್: 516318042796
ವರ್ಗ: ಅನಧಿಕೃತ ಎಲೆಕ್ಟ್ರಾನಿಕ್ ವಹಿವಾಟು
ತಕ್ಷಣದ ಕ್ರಮ: ಕಾರ್ಡ್ ತಡೆಹಿಡಿಯಲಾಗಿದೆ, ಸಂಜೆ 6.44 (02:30)

ಗ್ರಾಹಕರ ಹೇಳಿಕೆ: ತಾವು ಏನೂ ಕೊಂಡಿಲ್ಲ (01:15). ಒಟಿಪಿ ಬಂತೇ ಎಂಬ ಪ್ರಶ್ನೆಗೆ "ಮೆಸೇಜ್ ಬಂದಿತ್ತು, ದುಡ್ಡು ಕಟ್ ಆಗಿದೆ ಅಂತಿತ್ತು" ಎಂದರು. ಅದನ್ನು ಮರುದಿನ ಬೆಳಗ್ಗೆ ನೋಡಿದ್ದಾಗಿ ತಿಳಿಸಿದರು (03:09). ಆ ಸಂದೇಶವನ್ನು ಮಗನಿಗೆ ತೋರಿಸಿದ್ದು, ಮಗನೂ ವಹಿವಾಟನ್ನು ನಿರಾಕರಿಸಿದ್ದಾರೆ. ಫೋನು ಕೆಲವೊಮ್ಮೆ ಮಗನ ಬಳಿ ಇರುತ್ತದೆ, ಅಂದು ಇರಲಿಲ್ಲ (03:24). ಜೂನ್ 14ರಂದು ಶಾಖೆಗೆ ಹೋಗಿದ್ದರು, ಮುಚ್ಚಿತ್ತು. ಜೂನ್ 16ರ ಕರೆ ಮಧ್ಯದಲ್ಲಿ ಕಡಿದುಹೋಯಿತು (04:20). ವಿದೇಶಿ ವಹಿವಾಟಿನ ಸೌಲಭ್ಯವನ್ನು ಎರಡು ವರ್ಷದ ಹಿಂದೆ ತಾವೇ ತೆರೆಸಿದ್ದರು (05:40).

ಪರಿಶೀಲನೆ ಬಾಕಿ: ಈ ವಹಿವಾಟಿಗೆ ಒಟಿಪಿ ಕಳುಹಿಸಲಾಗಿತ್ತೇ? ಜೂನ್ 16ರಂದು ಗ್ರಾಹಕರ ಸಂಖ್ಯೆಯಿಂದ ಕರೆ ಬಂದಿತ್ತೇ? ವ್ಯಾಪಾರಿಯ ಹೆಸರು ಮತ್ತು ವಿದೇಶಿ ಕರೆನ್ಸಿಯ ಮೊತ್ತವೆಷ್ಟು?

ಈ ದಾಖಲೆ ಗ್ರಾಹಕರ ಪರ ವಕಾಲತ್ತು ವಹಿಸುವುದಿಲ್ಲ ಎಂಬುದು ಗಮನಾರ್ಹ. ಫೋನು ಮಗನ ಕೈಗೆ ಹೋಗುತ್ತಿತ್ತು, ವಿದೇಶಿ ಸೌಲಭ್ಯ ತೆರೆದೇ ಇತ್ತು ಎಂಬ ಅನನುಕೂಲದ ಮಾತುಗಳೂ ಅದರಲ್ಲಿವೆ. ಅವನ್ನು ಬಿಟ್ಟುಬಿಟ್ಟರೆ ಮುಂದೆ ಧ್ವನಿಮುದ್ರಿಕೆ ಕೇಳಿದವರಿಗೆ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ. ವಿವಾದಕ್ಕೆ ಎಡೆಮಾಡುವ ಮಾತನ್ನು ಗ್ರಾಹಕರ ಸ್ವಂತ ಪದಗಳಲ್ಲಿ ಉದ್ಧರಿಸಲಾಗಿದೆ. ಉಳಿದದ್ದನ್ನು ಸಂಗ್ರಹಿಸಲಾಗಿದೆ. ಪ್ರತಿ ಹೇಳಿಕೆಯ ಮುಂದೆ ನಿಮಿಷ ಮತ್ತು ಸೆಕೆಂಡ್ ಇರುವುದರಿಂದ ಅನುಮಾನ ಬಂದವರು ಹನ್ನೊಂದು ನಿಮಿಷ ಕೇಳಬೇಕಿಲ್ಲ, ಹದಿನೈದು ಸೆಕೆಂಡ್ ಕೇಳಿದರೆ ಸಾಕು.

ಬರೆಯಬಾರದ ವಿವರ

ಗಾಬರಿಯಲ್ಲಿರುವ ಗ್ರಾಹಕರು ಕೇಳದಿದ್ದರೂ ಕಾರ್ಡಿನ ಹದಿನಾರು ಅಂಕಿಗಳನ್ನೂ, ಹಿಂಬದಿಯ ಮೂರು ಅಂಕಿಗಳನ್ನೂ ಓದಿ ಹೇಳುವುದುಂಟು. ಅವು ಕಿವಿಗೆ ಬಿದ್ದವೆಂದು ದಾಖಲೆಗೆ ಬರೆಯಕೂಡದು. ಹಿಂಬದಿಯ ಮೂರಂಕಿಯನ್ನು ವಹಿವಾಟು ಮುಗಿದ ಮೇಲೆ ಎಲ್ಲಿಯೂ ಉಳಿಸಿಕೊಳ್ಳಬಾರದು ಎಂಬುದು ಕಾರ್ಡ್ ಉದ್ಯಮದ ಭದ್ರತಾ ಮಾನದಂಡ. ಧ್ವನಿಮುದ್ರಿಕೆಗೂ ಇದು ಅನ್ವಯಿಸುತ್ತದೆ. ದಾಖಲೆಯಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿ ಸಾಕು. ಒಟಿಪಿ ಮತ್ತು ಪಿನ್ ಸಂಖ್ಯೆಗಳಿಗೆ ಅದರಲ್ಲಿ ಸ್ಥಾನವೇ ಇಲ್ಲ. ಅಂತಹ ಭಾಗ ಬಂದಾಗ "ಗ್ರಾಹಕರು ಕಾರ್ಡ್ ವಿವರ ಹೇಳಿದರು, ದಾಖಲಿಸಿಲ್ಲ" ಎಂದು ವೇಳೆಯೊಂದಿಗೆ ಬರೆದು, ಮುದ್ರಿಕೆಯ ಆ ತುಣುಕನ್ನು ಅಳಿಸಲು ಸಂಬಂಧಪಟ್ಟವರಿಗೆ ತಿಳಿಸಬೇಕು.

ದಾಖಲೆಯ ನಂತರ

ತಿಳಿಸಿದ ದಿನದಿಂದ ಹತ್ತು ಕೆಲಸದ ದಿನಗಳೊಳಗೆ ವಿವಾದಿತ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳೊಳಗೆ ದೂರು ಇತ್ಯರ್ಥಪಡಿಸಬೇಕು ಎಂದು 2017ರ ಸುತ್ತೋಲೆ ವಿಧಿಸಿತ್ತು. ಈ ಪ್ರಸಂಗದಲ್ಲಿ ಎಣಿಕೆ ಆರಂಭವಾಗುವುದು ಜೂನ್ 17ರ ಕರೆಯಿಂದ. ಜೂನ್ 21 ಮೂರನೇ ಶನಿವಾರವಾದ್ದರಿಂದ ಕೆಲಸದ ದಿನ, 28 ನಾಲ್ಕನೇ ಶನಿವಾರವಾದ್ದರಿಂದ ರಜೆ. ಹತ್ತನೇ ಕೆಲಸದ ದಿನ ಜೂನ್ 30, ಸೋಮವಾರ. ತೊಂಬತ್ತನೇ ದಿನ ಸೆಪ್ಟೆಂಬರ್ 15. ಬ್ಯಾಂಕು ದೂರನ್ನು ತಿರಸ್ಕರಿಸಿದರೆ ಅಥವಾ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಸಲ್ಲಿಸುವ ಅವಕಾಶವಿದೆ. ಅಲ್ಲಿ ಕೇಳುವ ಮೊದಲ ವಿವರಗಳಲ್ಲಿ ಬ್ಯಾಂಕಿಗೆ ದೂರು ನೀಡಿದ ದಿನಾಂಕ ಸೇರಿದೆ.

ಬ್ಯಾಂಕು ಬರೆದುಕೊಂಡ ಸಾರ ಗ್ರಾಹಕರ ಕೈಗೆ ತಾನಾಗಿ ಸಿಗುವುದಿಲ್ಲ. ಕರೆ ಮುಗಿಸುವ ಮುನ್ನ "ನೀವು ಬರೆದಿದ್ದನ್ನು ಒಮ್ಮೆ ಓದಿ ಹೇಳಿ" ಎಂದು ಕೇಳಬಹುದು. ಹಾಗೆ ಓದಿದ್ದೂ, ಗ್ರಾಹಕರು ತಿದ್ದಿದ್ದೂ ಅದೇ ಧ್ವನಿಮುದ್ರಿಕೆಯಲ್ಲಿ ಸೇರಿಬಿಡುತ್ತವೆ. ಶಿಕ್ಷಕರ ಕರೆಯಲ್ಲಿ ಹೀಗೆ ಓದಿ ಹೇಳಿದ್ದರೆ, "ಒಟಿಪಿ ಅಲ್ಲಮ್ಮ, ದುಡ್ಡು ಹೋದ ಮೇಲೆ ಬಂದ ಮೆಸೇಜು" ಎಂಬ ಒಂದೇ ಮಾತಿನಿಂದ ಗೊಂದಲ ಅಲ್ಲಿಯೇ ತೀರುತ್ತಿತ್ತು. ಎರಡನೆಯದಾಗಿ, ಕರೆ ಮುಗಿದ ದಿನವೇ ನೋಂದಾಯಿತ ಇಮೇಲ್‌ನಿಂದ ಬ್ಯಾಂಕಿಗೆ ನಾಲ್ಕು ಸಾಲು ಬರೆಯಬಹುದು: ಎಷ್ಟು ಹೊತ್ತಿಗೆ ಕರೆ ಮಾಡಿದೆ, ಯಾವ ವಹಿವಾಟು, ಏನು ಹೇಳಿದೆ, ಯಾವ ಸಂಖ್ಯೆ ಕೊಟ್ಟರು. ಮೂಲ ಎಸ್‌ಎಂಎಸ್ ಅನ್ನು ಅಳಿಸದೆ ಉಳಿಸಿಕೊಳ್ಳುವುದೂ ಅಗತ್ಯ. ಅದು ಬಂದ ವೇಳೆಯೇ ದಿನಗಳ ಎಣಿಕೆಗೆ ಆಧಾರ.

ದೂರು ದಾಖಲೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಹಣ ತೆಗೆದವರು ಯಾರು ಎಂಬುದನ್ನು ಹೇಳಲಾರದು. ಅದು ಬ್ಯಾಂಕಿನ ಮತ್ತು ಪೊಲೀಸರ ತನಿಖೆಯ ವಿಷಯ. ವಂಚನೆಯ ಶಂಕೆಯಿದ್ದರೆ 1930 ಸಹಾಯವಾಣಿಗೂ ತಿಳಿಸಿ, ಅಲ್ಲಿ ಸಿಗುವ ಸ್ವೀಕೃತಿ ಸಂಖ್ಯೆಯನ್ನು ಬ್ಯಾಂಕಿನ ದೂರಿಗೆ ಸೇರಿಸಬೇಕು. ದಾಖಲೆಯ ಕೆಲಸ ಅದಕ್ಕಿಂತ ಚಿಕ್ಕದು. ಮಂಗಳವಾರ ಸಂಜೆ 6 ಗಂಟೆ 42 ನಿಮಿಷಕ್ಕೆ ಒಬ್ಬ ಗ್ರಾಹಕ ಆಡಿದ ಮಾತು, ಆ ಮಾತನ್ನು ಕೇಳದ ಅಧಿಕಾರಿಯ ಮೇಜಿಗೆ ಅದೇ ಅರ್ಥದಲ್ಲಿ, ಅದೇ ವೇಳೆಯೊಂದಿಗೆ ತಲುಪಬೇಕು.